ನಾಲ್ಕನೆಯ ಸಾಲಿನ ಕೆಂಪು ಬಾವುಟ

ಅರಸೀಕೆರೆ

ಚಿ. ಮೇಧಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಮಾತುಕತೆ ನಡೆದಿರುವ ಹುಡುಗನ ಬಗ್ಗೆ, ಅವನ ಹೆಸರು ಹೇಳದೆ, ನೀನು ಬರೆದ ‘ರೆಡ್ ಫ್ಲ್ಯಾಗ್’ ಪಟ್ಟಿಯನ್ನು, ಅಂದರೆ ಅವನಲ್ಲಿ ಎಚ್ಚರದಿಂದ ನೋಡಬೇಕಾದ ಗುಣಗಳ ಪಟ್ಟಿಯನ್ನು, ನಿನ್ನ ಅಮ್ಮ ನನಗೆ ಕಳುಹಿಸಿದ್ದಳು. ನಾಲ್ಕು ಸಾಲುಗಳ ಆ ಪಟ್ಟಿಯನ್ನು ಓದಿ ನಿನ್ನ ಅತ್ತೆ ನಕ್ಕಳು, ನಾನೂ ಮೊದಲ ಮೂರು ಸಾಲುಗಳಿಗೆ ಮನಸಾರೆ ನಕ್ಕೆ. ಅವನು ಬಿಸಿಬೇಳೆಬಾತಿಗೆ ಬೂಂದಿ ಬೇಡವೆನ್ನುತ್ತಾನೆ, ಮನೆಯಲ್ಲಿ ಫಿಲ್ಟರ್ ಕಾಫಿ ಇದ್ದರೂ ಇನ್‌ಸ್ಟಂಟ್ ಪುಡಿಯನ್ನೇ ಕಲಸಿಕೊಳ್ಳುತ್ತಾನೆ, ನೀನು ಹತ್ತು ಸಾಲು ಬರೆದರೆ ‘ಹ್ಞೂಂ’ ಎಂದಷ್ಟೇ ಉತ್ತರಿಸುತ್ತಾನೆ. ನಾಲ್ಕನೆಯ ಸಾಲಿಗೆ ಬಂದಾಗ ನನಗೆ ನಗಲಾಗಲಿಲ್ಲ. ನೀನು ಗೆಳತಿಯರೊಡನೆ ಹೊರಗೆ ಹೋದರೆ, ಫೋನಿನಲ್ಲಿ ಲೈವ್ ಲೊಕೇಶನ್ ಕಳುಹಿಸುವವರೆಗೂ ಅವನು ಕರೆ ಮಾಡುತ್ತಲೇ ಇರುತ್ತಾನೆ ಎಂದು ಬರೆದಿದ್ದೆ. ಅದರ ಕೆಳಗೇ ಎಲ್ಲಕ್ಕಿಂತ ಹೆಚ್ಚು ನಗುವಿನ ಗುರುತುಗಳಿದ್ದವು.

ಈ ಬಗೆಯ ಬರಹದಲ್ಲಿ ನಗು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೋಡೋಣ. 2021ರ ಅಕ್ಟೋಬರ್‌ನಲ್ಲಿ ಟ್ವಿಟರ್ ತುಂಬ ಒಂದೇ ಅಚ್ಚಿನ ತಮಾಷೆ ಹರಿದಾಡಿದ್ದು ನಿನಗೂ ನೆನಪಿರಬಹುದು. ಯಾರೋ ಆಡಬಹುದಾದ ಒಂದು ಮಾತನ್ನು ಉದ್ಧರಣ ಚಿಹ್ನೆಯೊಳಗೆ ಬರೆದು, ಅದರ ಮುಂದೆ ಕೆಂಪು ಬಾವುಟಗಳನ್ನು ಸಾಲಾಗಿ ನೆಡುವುದೇ ಅದರ ವಿಧಾನ. ಅಪಾಯವನ್ನು ಸಾರುವ ಗುರುತು ತೀರ ಕ್ಷುಲ್ಲಕವಾದ ರುಚಿಯೊಂದರ ತಲೆಯ ಮೇಲೆ ಕುಳಿತಾಗ, ಗುರುತಿನ ತೂಕಕ್ಕೂ ವಿಷಯದ ಹಗುರಕ್ಕೂ ಹೊಂದಿಕೆಯಾಗದೆ ನಗು ಬರುತ್ತದೆ. ಬೂಂದಿಯ ಸಾಲು ಹಾಗೆ ಕೆಲಸ ಮಾಡಿತು. ಬಿಸಿಬೇಳೆಬಾತು ತಿಂದು ಬೆಳೆದವರಿಗಷ್ಟೇ ಅದು ಹೊಳೆಯುವುದರಿಂದ, ನಗುವಿನ ಜೊತೆಗೆ ‘ನಾವೆಲ್ಲ ಒಂದೇ ಕಡೆಯವರು’ ಎಂಬ ಸಲುಗೆಯೂ ಸಿಗುತ್ತದೆ. ಅದರಿಂದ ಆ ಹುಡುಗನಿಗೂ ನೋವಿಲ್ಲ. ಓದಿದರೆ ಅವನೂ ನಗುತ್ತಾನೆ.

ಲೊಕೇಶನ್‌ನ ಸಾಲಿನಲ್ಲಿ ಈ ವ್ಯತ್ಯಾಸವೇ ಇಲ್ಲ. ಅಲ್ಲಿ ಗುರುತೂ ಭಾರವಾದದ್ದು, ವಿಷಯವೂ ಭಾರವಾದದ್ದು. ಹಾಗಿದ್ದರೂ ಜನ ನಕ್ಕರು, ಏಕೆಂದರೆ ಮೊದಲ ಮೂರು ಸಾಲುಗಳು ಅವರನ್ನು ನಗುವಿಗೆ ಸಿದ್ಧಪಡಿಸಿದ್ದವು. ಪಟ್ಟಿಯಲ್ಲಿ ಎಲ್ಲ ಸಾಲುಗಳಿಗೂ ಒಂದೇ ಅಳತೆಯ ಬಾವುಟ ಸಿಗುವುದರಿಂದ ಬೂಂದಿಯೂ ಬೆನ್ನುಬಿಡದ ಕರೆಯೂ ಒಂದೇ ಪಂಕ್ತಿಯಲ್ಲಿ ಕುಳಿತುಬಿಡುತ್ತವೆ. ಯಾರಿಗೂ ನೇರವಾಗಿ ಹೇಳಲಾಗದ ಮಾತನ್ನು ನಗೆಯಲ್ಲಿ ಸುತ್ತಿ ಹೇಳುವುದು ಮನುಷ್ಯರ ಹಳೆಯ ಅಭ್ಯಾಸ. ನೀನೂ ಹಾಗೆ ಮಾಡಿರಬಹುದೆಂಬುದೇ ನನ್ನ ಚಿಂತೆ. ಆ ಸಾಲನ್ನು ಪಟ್ಟಿಯಿಂದ ಹೊರತೆಗೆದು, ಬಾವುಟವನ್ನೂ ಅಳಿಸಿ, ಬರಿಯ ವಾಕ್ಯವನ್ನು ನಿನ್ನ ಅಮ್ಮನ ಎದುರು ಕುಳಿತು ಹೇಳಿ ನೋಡು. ಬೂಂದಿಯ ಮಾತನ್ನು ಹಾಗೆ ಹೇಳಿದರೆ ಅವಳು ಬೇಸರಿಸಿಕೊಳ್ಳದೆ ಬೇರೆ ಕೆಲಸ ನೋಡುತ್ತಾಳೆ. ನಾಲ್ಕನೆಯ ಮಾತಿಗೆ ಅವಳು ಕೈಯಲ್ಲಿರುವುದನ್ನು ಕೆಳಗಿಟ್ಟು ನಿನ್ನ ಮುಖ ನೋಡುತ್ತಾಳೆ.

ನಾನು ರೈಲಿನ ಗಾರ್ಡ್ ಆಗಿ ದುಡಿದವನು. 2022ರಿಂದ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ. ನಾನು ನಿವೃತ್ತನಾಗುವಾಗ ಗಾರ್ಡ್ ಎಂದೇ ಇತ್ತು. ಕೆಂಪು ಮತ್ತು ಹಸಿರು ಬಾವುಟಗಳು ನನ್ನ ಕೈಯಲ್ಲೇ ಸವೆದಿರುವುದರಿಂದ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ಹಸಿರು ಬಾವುಟವನ್ನು ಅಲುಗಿಸದೆ ಹಿಡಿದರೆ ಮುಂದೆ ಹೋಗಬಹುದೆಂದು ಅರ್ಥ; ಅದೇ ಬಾವುಟವನ್ನು ಮೇಲಕ್ಕೂ ಕೆಳಕ್ಕೂ ಬೀಸಿದರೆ ಎಚ್ಚರಿಕೆಯಿಂದ, ವೇಗ ತಗ್ಗಿಸಿ ಹೋಗಬೇಕೆಂದು ಅರ್ಥ. ಬಣ್ಣ ಒಂದೇ ಆದರೂ ಹಿಡಿದ ರೀತಿಯಿಂದ ಸಂದೇಶ ಬದಲಾಗುತ್ತದೆ. ನಾನು ಕಂಡ ನಿಮ್ಮ ಪಟ್ಟಿಗಳಲ್ಲಿ ಈ ನಡುವಿನ ಸಂಜ್ಞೆಗೆ ಜಾಗವಿರಲಿಲ್ಲ. 2023ರ ಹೊತ್ತಿಗೆ ‘ಬೇಜ್ ಫ್ಲ್ಯಾಗ್’ ಎಂಬುದು ಹರಡಿತು, ಆದರೆ ಅದು ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ವಿಚಿತ್ರ ಅಭ್ಯಾಸಗಳಿಗೆ ಇಟ್ಟ ಹೆಸರು. ‘ಹ್ಞೂಂ’ ಎಂಬ ಉತ್ತರವನ್ನು ಅಲ್ಲಿ ಧಾರಾಳವಾಗಿ ಸೇರಿಸಬಹುದು. ವೇಗ ತಗ್ಗಿಸಿ ನೋಡಬೇಕಾದ ವರ್ತನೆಯನ್ನು ಮಾತ್ರ ಅಲ್ಲಿ ಸೇರಿಸಲಾಗದು.

ಲೊಕೇಶನ್ ಕೇಳುವುದು ಅಂಥ ವರ್ತನೆ. ಒಮ್ಮೆ ಕೇಳಿದ್ದರೆ ಅದು ಕಾಳಜಿಯೇ ಇರಬಹುದು. ರಾತ್ರಿ ಆಟೋದಲ್ಲಿ ಒಬ್ಬಳೇ ಬರುವಾಗ ನಾನೂ ನಿನ್ನನ್ನು ಕೇಳಿದ್ದೇನೆ. ಅವನದು ಕಾಳಜಿಯೋ ಹಿಡಿತವೋ ಎಂದು ತಿಳಿಯುವ ದಾರಿ ಒಂದಿದೆ, ನಿಧಾನವಾಗಿ ಓದು. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಅನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗಳಿಗೆ ಕಳುಹಿಸಬಹುದು. ಮುಂದಿನ ಸಲ ಗೆಳತಿಯರೊಡನೆ ಹೋಗುವ ಮೊದಲೇ, ಜಗಳವಿಲ್ಲದ ಹೊತ್ತಿನಲ್ಲಿ, ಅವನಿಗೆ ಸ್ಪಷ್ಟವಾಗಿ ಹೇಳು: “ಅಲ್ಲಿರುವಷ್ಟು ಹೊತ್ತು ನಾನು ಲೊಕೇಶನ್ ಕಳುಹಿಸುವುದಿಲ್ಲ, ಮನೆಗೆ ಹೊರಟಾಗ ಒಂದು ಗಂಟೆಗೆ ಕಳುಹಿಸುತ್ತೇನೆ.” ಅವನ ಚಿಂತೆ ನಿನ್ನ ಸುರಕ್ಷತೆಯದಾಗಿದ್ದರೆ, ಹಿಂತಿರುಗುವ ದಾರಿಯ ಆ ಒಂದು ಗಂಟೆ ಅವನಿಗೆ ಸಾಕು. ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿಕೊಂಡು, ಆ ಸಂಜೆ ಸುಮ್ಮನಿದ್ದರೆ, ಅವನಿಗೆ ಕಲಿಯುವ ಮನಸ್ಸಿದೆ ಎಂದು ತಿಳಿ. ಒಪ್ಪಿದಂತೆ ಮಾಡಿ ನಿನ್ನ ಗೆಳತಿಯ ಫೋನಿಗೆ ಕರೆ ಮಾಡಿದರೆ, ಮರುದಿನ ಮಾತು ಬಿಟ್ಟು ಶಿಕ್ಷಿಸಿದರೆ, ಅಥವಾ ‘ನಿನಗೆ ಮುಚ್ಚಿಡುವುದು ಏನಿದೆ’ ಎಂದು ಕೇಳಿದರೆ, ಅವನಿಗೆ ಬೇಕಾಗಿರುವುದು ನಿನ್ನ ಕ್ಷೇಮವಲ್ಲ, ನಿನ್ನ ಒಪ್ಪಿಗೆಯಿಲ್ಲದೆಯೂ ನಡೆಯುವ ಅಧಿಕಾರ. ಕರೆಗಳ ಸಂಖ್ಯೆಗಿಂತ ನೀನು ‘ಬೇಡ’ ಎಂದ ಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸು. ಒಂದು ಸಂಜೆಯ ಮೇಲೂ ತೀರ್ಮಾನಿಸಬೇಡ, ಎರಡು ಮೂರು ಸಲ ನೋಡು. ಆದರೆ ಬೆದರಿಕೆಯ ಮಾತು ಬಂದರೆ ಎರಡನೆಯ ಸಲಕ್ಕೆ ಕಾಯಬೇಡ.

ಹಸಿರಿನ ಪಟ್ಟಿಯ ಬಗ್ಗೆಯೂ ಒಂದು ಮಾತು ಬರೆಯುವುದಿದೆ. ಅದೇ ಹುಡುಗ ಹೋಟೆಲಿನಲ್ಲಿ ಬಡಿಸುವವರಿಗೆ ಧನ್ಯವಾದ ಹೇಳುತ್ತಾನೆಂದು ನಿನ್ನ ಗೆಳತಿ ‘ನಡೆದಾಡುವ ಗ್ರೀನ್ ಫ್ಲ್ಯಾಗ್’ ಎಂದು ಬರೆದಿದ್ದಳಂತೆ. ಸಾಮಾನ್ಯ ಮರ್ಯಾದೆಯನ್ನು ಅಷ್ಟು ಎತ್ತರಕ್ಕೇರಿಸುವುದರಲ್ಲೂ ಒಂದು ವಿನೋದವಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಈ ಪಟ್ಟಿಗಳನ್ನು ಹುಡುಗರೂ ಓದುತ್ತಾರೆ. ಬಡಿಸುವವರಿಗೆ ಧನ್ಯವಾದ ಹೇಳಿದರೆ ಅಂಕ ಸಿಗುತ್ತದೆಂದು ಗೊತ್ತಾದ ಮೇಲೆ, ನೀನು ಎದುರಿಗಿದ್ದಾಗ ಆ ಮಾತು ಆಡುವುದು ಯಾರಿಗೂ ಕಷ್ಟವಲ್ಲ. ಇನ್ನೊಂದು ತೊಂದರೆಯೆಂದರೆ, ಒಬ್ಬನಿಗೆ ಹಸಿರೆಂದು ಒಮ್ಮೆ ಹೆಸರಿಟ್ಟ ಮೇಲೆ ನಾಲ್ಕನೆಯ ಸಾಲಿನಂಥದ್ದು ಕಂಡಾಗ ‘ಅವನು ಅಂಥವನಲ್ಲ’ ಎಂದು ನಾವೇ ಅವನ ಪರವಾಗಿ ವಾದಿಸತೊಡಗುತ್ತೇವೆ.

ನೀನು ಹಾಸ್ಯ ಬರೆಯುವುದನ್ನು ನಿಲ್ಲಿಸಬೇಕೆಂದು ನಾನು ಕೇಳುತ್ತಿಲ್ಲ. ನಿನಗೆ ಅದು ಚೆನ್ನಾಗಿ ಒಲಿದಿದೆ. ಬೂಂದಿ, ಕಾಫಿ, ‘ಹ್ಞೂಂ’ ಮೂರೂ ಅಲ್ಲೇ ಇರಲಿ, ಇನ್ನೂ ಹತ್ತು ಸೇರಿಸು. ನಾಲ್ಕನೆಯ ಸಾಲನ್ನು ಮಾತ್ರ ಇಂದೇ ಅಲ್ಲಿಂದ ತೆಗೆದು, ಯಾವ ದಿನ, ಎಷ್ಟು ಸಲ, ಯಾವ ಮಾತಿನಲ್ಲಿ ಎಂಬುದನ್ನು ನಿನ್ನ ಡೈರಿಯಲ್ಲಿ ನಗೆಯಿಲ್ಲದೆ ಬರೆದಿಡು. ನಿಶ್ಚಿತಾರ್ಥಕ್ಕೆ ದಿನ ನೋಡುವುದನ್ನು ಸ್ವಲ್ಪ ತಡೆಯುವಂತೆ ನಿನ್ನ ಅಮ್ಮನಿಗೆ ನಾನು ಹೇಳಿದ್ದೇನೆ. ಕಾರಣ ಕೇಳಿದಳು, ಅದನ್ನು ನೀನೇ ಹೇಳಬೇಕೆಂದು ಬಿಟ್ಟಿದ್ದೇನೆ. ಆ ಸಂಜೆ ಕಳೆದ ಮೇಲೆ ಅವನ ಉತ್ತರ ಏನೇ ಇರಲಿ, ಎಷ್ಟು ಹೊತ್ತಾಗಿದ್ದರೂ ಸರಿ, ನನಗೆ ಕರೆ ಮಾಡು.

ಇಂತಿ ನಿನ್ನ ಪ್ರೀತಿಯ,
ಸೋದರಮಾವ