ನಮಸ್ಕಾರಕ್ಕೆ ಸಭೆ ಉತ್ತರಿಸದಿದ್ದರೆ

ಮೈಸೂರು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಪತ್ರವೆಲ್ಲ ಮುಗಿದ ಮೇಲೆ, ಹೆಸರು ಬರೆಯುವ ಮುನ್ನ, ನೀನು ಒತ್ತಾಗಿ ಸೇರಿಸಿರುವ ಒಂದು ಸಾಲಿದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. "ಎಂಟು ನೂರು ಜನರ ಎದುರು ನಿಂತು ನಮಸ್ಕಾರ ಎಂದಾಗ ಯಾರೂ ಏನೂ ಹೇಳದೆ ಸುಮ್ಮನೆ ಕುಳಿತಿದ್ದರೆ, ಮುಂದಿನ ಮಾತನ್ನು ಹೇಗೆ ಎತ್ತಲಿ, ದೊಡ್ಡಮ್ಮ?" ಎಂದು ಕೇಳಿದ್ದೀಯ. ಅಡಿಕೆಯ ಕೊಳೆರೋಗದ ಬಗ್ಗೆ ನೀನು ಮಾಡಿರುವ, ಆ ಸಭೆಯಲ್ಲಿ ಮಂಡಿಸಲಿರುವ ಕೆಲಸದ ವಿಷಯದಲ್ಲಿ ನನಗೆ ಯಾವ ಆತಂಕವೂ ಇಲ್ಲ. ಆದರೆ ಆ ಸಾಲಿನಲ್ಲಿರುವ ಹೆದರಿಕೆ ನನಗೆ ತೀರ ಪರಿಚಯದ್ದು. ಅದು ಒಮ್ಮೆ ನನ್ನ ಮೇಲೆ ನಿಜವಾಗಿಯೇ ಬಂದೆರಗಿತ್ತು.

1987ರಲ್ಲಿ, ಇದೇ ಅಡಿಕೆಯ ವಿಷಯವಾಗಿ, ದೂರದ ಊರೊಂದರ ಸಮ್ಮೇಳನದಲ್ಲಿ ನಾನು ಪ್ರಬಂಧ ಮಂಡಿಸಿದ್ದೆ. ಊಟದ ನಂತರದ ಗೋಷ್ಠಿ. ಅಧ್ಯಕ್ಷರು ನನ್ನ ಹೆಸರು ಕರೆದಾಗ ನಡೆಯುತ್ತ ನಡೆಯುತ್ತಲೇ ಮಾತು ಆರಂಭಿಸಿ, ಮೈಕಿನ ಮುಂದೆ ಪೂರ್ತಿ ನಿಲ್ಲುವ ಮೊದಲೇ "ಗುಡ್ ಆಫ್ಟರ್‌ನೂನ್" ಎಂದುಬಿಟ್ಟೆ. ಏನೂ ಕೇಳಿಬರಲಿಲ್ಲ. ಮುಖಕ್ಕೆ ದೀಪ ಹೊಡೆಯುತ್ತಿತ್ತು, ಎದುರಿಗೆ ಕತ್ತಲೆಯಲ್ಲದೆ ಮತ್ತೇನೂ ಕಾಣುತ್ತಿರಲಿಲ್ಲ. ಗಾಬರಿಯಲ್ಲಿ ನಾನು ಮಾಡಬಾರದ ಒಂದು ಕೆಲಸ ಮಾಡಿದೆ: ದನಿ ಎತ್ತರಿಸಿ, "ಕೇಳಿಸಲಿಲ್ಲ" ಎಂದು, ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ. ಈ ಸಲ ಅಲ್ಲಲ್ಲಿ ಕೆಲವರು ಒಪ್ಪಿಸುವಂತೆ ಗಟ್ಟಿಯಾಗಿ ಉತ್ತರ ಕೊಟ್ಟರು. ಆದರೆ ಶಾಲೆಯ ಮಕ್ಕಳನ್ನು ಗದರಿಸಿದ ಮೇಷ್ಟರಿಗೂ ನನಗೂ ಆ ಕ್ಷಣದಲ್ಲಿ ಯಾವ ವ್ಯತ್ಯಾಸವೂ ಉಳಿದಿರಲಿಲ್ಲ. ಅವರು ದೂರವಾದರು, ನಾನು ಹಾಳೆಯೊಳಗೆ ಮುಖ ಇಟ್ಟು ಉಳಿದ ಹದಿನೈದು ನಿಮಿಷವನ್ನು ಓದಿ ಮುಗಿಸಿದೆ.

ಅವರು ನಿಜವಾಗಿಯೂ ಸುಮ್ಮನಿದ್ದರೇ ಎಂಬುದನ್ನು ನಾನು ಬಹಳ ವರ್ಷ ಯೋಚಿಸಿಯೇ ಇರಲಿಲ್ಲ. ನಿವೃತ್ತಿಯಾದ ಮೇಲೆ ಕೇಳುಗಳಾಗಿ ಹಿಂದಿನ ಸಾಲುಗಳಲ್ಲಿ ಕುಳಿತುಕೊಳ್ಳುವ ಅಭ್ಯಾಸವಾಯಿತಲ್ಲ, ಆಗ ತಿಳಿಯಿತು. ವೇದಿಕೆಯಿಂದ ನಮಸ್ಕಾರ ಎಂಬ ಮಾತು ಬಂದಾಗ ನನ್ನ ಅಕ್ಕಪಕ್ಕದವರು ತಲೆಯಾಡಿಸುತ್ತಾರೆ, ಕೆಲವರು ತುಟಿಯಲ್ಲೇ ನಮಸ್ಕಾರ ಎನ್ನುತ್ತಾರೆ, ವಯಸ್ಸಾದವರು ಮಡಿಲಲ್ಲಿಯೇ ಕೈ ಜೋಡಿಸುತ್ತಾರೆ. ದೊಡ್ಡ ಸಭೆಯಲ್ಲಿ ಪ್ರತಿಯೊಬ್ಬನೂ ಪಕ್ಕದವನು ಗಟ್ಟಿಯಾಗಿ ಹೇಳಲಿ ಎಂದು ಕಾಯುತ್ತಾನಾದ್ದರಿಂದ ಆ ಉತ್ತರ ಯಾವಾಗಲೂ ಮೆಲುದನಿಯದೇ. ಧ್ವನಿವರ್ಧಕಗಳೆಲ್ಲ ಸಭಿಕರ ಕಡೆಗೆ ಮುಖ ಮಾಡಿರುತ್ತವೆ, ಮಾತನಾಡುವವಳ ಕೈಯಲ್ಲಿ ಮಾತ್ರ ಮೈಕ್ ಇರುತ್ತದೆ, ಜೊತೆಗೆ ಏಸಿಯ ಗುಂಯ್‌ಗುಟ್ಟುವಿಕೆ. ಹೀಗಾಗಿ ಅವರು ಕೊಟ್ಟ ಉತ್ತರ ವೇದಿಕೆಯವರೆಗೆ ಬರುವುದೇ ಇಲ್ಲ. ನಿನಗೆ ಕೇಳದಿರುವುದಕ್ಕೂ ಅವರು ಹೇಳದಿರುವುದಕ್ಕೂ ಇರುವ ಈ ಅಂತರವನ್ನು ಮೂವತ್ತು ವರ್ಷ ಮೊದಲೇ ಯಾರಾದರೂ ನನಗೆ ತಿಳಿಸಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಆದರೂ ನಿನ್ನ ಹೆದರಿಕೆ ಇಷ್ಟಕ್ಕೆ ಹೋಗುವುದಿಲ್ಲ ಎಂದು ಬಲ್ಲೆ. ನಿಜವಾಗಿಯೇ ಯಾರೂ ಏನೂ ಹೇಳದಿದ್ದರೆ? ಇದಕ್ಕೆ ನನಗೆ ಸಮಾಧಾನ ಸಿಕ್ಕಿದ್ದು 1893ರ ಸೆಪ್ಟೆಂಬರ್ 11ರ ಷಿಕಾಗೋ ಸಭೆಯಿಂದ. ಸ್ವಾಮಿ ವಿವೇಕಾನಂದರ "ಸೋದರಿಯರೇ, ಸೋದರರೇ" ಎಂಬ ಸಂಬೋಧನೆಯನ್ನೂ ಅದಕ್ಕೆ ಬಂದ ಕರತಾಡನವನ್ನೂ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅಂದು ಅವರೂ ಹೆದರಿದ್ದರು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ನಮ್ಮ ಚಿಕ್ಕಮಗಳೂರಿನ ಮೂಲದವರಾದ ಅಳಸಿಂಗ ಪೆರುಮಾಳರಿಗೆ ಆ ವರ್ಷದ ನವೆಂಬರಿನಲ್ಲಿ ಬರೆದ ಪತ್ರದಲ್ಲಿ, ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿಹೋಗಿತ್ತು, ಬೆಳಗಿನ ಹೊತ್ತಿನಲ್ಲಿ ಮಾತನಾಡುವ ಧೈರ್ಯವೇ ಬರಲಿಲ್ಲ, ಉಳಿದವರೆಲ್ಲ ಬರೆದುಕೊಂಡು ಬಂದಿದ್ದರೆ ತಮ್ಮ ಬಳಿ ಸಿದ್ಧಪಡಿಸಿದ ಭಾಷಣವೇ ಇರಲಿಲ್ಲ ಎಂದು ಅವರೇ ತಿಳಿಸಿದ್ದಾರೆ. ಕೊನೆಗೆ ಸರಸ್ವತಿಗೆ ವಂದಿಸಿ ಎದ್ದು ನಿಂತರು.

ಆ ಸಂಬೋಧನೆಯನ್ನು ನಕಲು ಮಾಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದು ಯಾರಿಗೂ ಒದಗಿಬರಲಿಲ್ಲ. ನಾನು ಅಲ್ಲಿ ಕಂಡುಕೊಂಡದ್ದು ಬೇರೆ. ಸಂಬೋಧನೆಯಾದ ಕೂಡಲೇ ಅವರ ಮೊದಲ ವಾಕ್ಯ, ನೀವು ನಮಗೆ ನೀಡಿದ ಆತ್ಮೀಯ ಸ್ವಾಗತಕ್ಕೆ ಉತ್ತರವಾಗಿ ಎದ್ದು ನಿಂತಿದ್ದೇನೆ ಎಂಬ ಅರ್ಥದ್ದು. ಆ ಭಾಷಣವೇ ಸ್ವಾಗತಕ್ಕೆ ಕೊಟ್ಟ ಉತ್ತರ. ಅಂದರೆ ಸಭೆ ತನ್ನ ಮಾತನ್ನು ಮೊದಲೇ ಆಡಿಯಾಗಿದೆ: ಬಂದಿದ್ದಾರೆ, ಕುಳಿತಿದ್ದಾರೆ, ನಿನ್ನ ಹೆಸರು ಕರೆದಾಗ ತಲೆ ಎತ್ತಿದ್ದಾರೆ. ನಿನ್ನ ನಮಸ್ಕಾರ ಅದಕ್ಕೆ ಪ್ರತಿನಮಸ್ಕಾರ. ನಾನು ಅಂದು ನಮಸ್ಕಾರವನ್ನು ಪ್ರಶ್ನೆಯಾಗಿ ಕೇಳಿದ್ದೆ. ಪ್ರಶ್ನೆಗೆ ಉತ್ತರ ಬರದಿದ್ದರೆ ಕೇಳಿದವಳು ಸೋತಳು. ಉತ್ತರವಾಗಿ ಕೊಟ್ಟ ನಮಸ್ಕಾರಕ್ಕೆ ಆ ಭಯವಿಲ್ಲ.

ಇದು ಬರೀ ಭಾವನೆಯ ಮಾತಲ್ಲ, ದನಿಯಲ್ಲಿಯೂ ಗೊತ್ತಾಗುತ್ತದೆ. ಮನೆಯಲ್ಲಿಯೇ ಹೇಳಿ ನೋಡು. "ನಮಸ್ಕಾರ" ಎಂಬುದರ ಕೊನೆಯ ಅಕ್ಷರವನ್ನು ಮೇಲಕ್ಕೆ ಎಳೆದರೆ ಏನನ್ನೋ ಕಾಯುತ್ತಿರುವಂತೆ ಕೇಳುತ್ತದೆ. ಅದನ್ನೇ ಕೆಳಕ್ಕೆ ಇಳಿಸಿ ನಿಲ್ಲಿಸಿದರೆ ಮಾತು ಪೂರ್ಣವಾಗುತ್ತದೆ. ಇಳಿಸಿ ಹೇಳಿ, ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲು. ಆ ಉಸಿರಿನಲ್ಲಿ ಉತ್ತರ ಬಂದರೆ ಸಂತೋಷ, ಬರದಿದ್ದರೂ ನೀನು ಉಸಿರು ತೆಗೆದುಕೊಂಡಂತಾಯಿತು. ಎರಡಕ್ಕೂ ಮುಂದಿನ ವಾಕ್ಯ ಒಂದೇ.

ನೀನು ಕಳಿಸಿರುವ ಆರಂಭದ ಕರಡನ್ನು ಗಡಿಯಾರ ಇಟ್ಟುಕೊಂಡು ಓದಿದೆ. ವೇದಿಕೆಯ ಮೇಲಿರುವ ಹನ್ನೊಂದು ಗಣ್ಯರ ಹೆಸರು, ಪದವಿಗಳ ಸಮೇತ, ನಲವತ್ತೈದು ಸೆಕೆಂಡು ತೆಗೆದುಕೊಂಡವು. ಆಮೇಲೆ ಪ್ರಬಂಧದ ಶೀರ್ಷಿಕೆ. ಅದು ಪರದೆಯ ಮೇಲೆಯೇ ಇರುತ್ತದೆ. ಆಮೇಲೆ 1910ರಲ್ಲಿ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ ಪ್ರಕಟಿಸಿದ ಅಧ್ಯಯನ. ಕೋಲ್ಮನ್ ನನಗೂ ಪೂಜ್ಯರೇ, ಆದರೆ ಅವರು ಎರಡನೆಯ ನಿಮಿಷದಲ್ಲಿ ಬಂದರೂ ನಡೆಯುತ್ತದೆ. ಹಿರಿಯರ ಹೆಸರು ಬಿಡುವುದು ಅಗೌರವವಾಗುತ್ತದೆಯೇ ಎಂದು ನೀನು ಅಳುಕುತ್ತೀಯ. ಸ್ವಾಗತ ಭಾಷಣದಲ್ಲಿ ಅಷ್ಟೂ ಹೆಸರುಗಳು ಬಂದಿರುತ್ತವೆ, ಆದ್ದರಿಂದ ಒಟ್ಟಾಗಿ ವಂದಿಸಿದರೆ ಸಾಕೆಂದು ನನ್ನ ಅಭಿಪ್ರಾಯ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ, ನಿನ್ನ ಬಾಯಿಗೆ ಒಗ್ಗದಿದ್ದರೆ ಬಿಟ್ಟುಬಿಡು:

"ವೇದಿಕೆಯ ಮೇಲಿನ ಹಿರಿಯರಿಗೂ ಎದುರಿಗಿರುವ ಎಲ್ಲರಿಗೂ ನಮಸ್ಕಾರ. ಕೊಯ್ಲಿನ ಕಾಲದಲ್ಲಿ ತೋಟವನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದೀರಿ, ಆ ಉಪಕಾರ ನನ್ನ ನೆನಪಿನಲ್ಲಿದೆ. ಆಷಾಢದ ಒಂದು ಬೆಳಿಗ್ಗೆ, ಮಳೆ ಹೊಳವಾದ ಹೊತ್ತಿನಲ್ಲಿ ತೋಟಕ್ಕೆ ಹೋದರೆ, ಕಣ್ಣಿಗೆ ಏನೂ ಕಾಣುವ ಮೊದಲೇ ಕಿವಿಗೆ ಒಂದು ಸದ್ದು ಬೀಳುತ್ತದೆ. ಟಪ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಹಸಿರು ಕಾಯಿ ಉದುರುತ್ತಿದೆ. ಹಾಗೆ ಬಿದ್ದ ಕಾಯಿಯ ಮೇಲೆ ಕೆಲವು ದಿನಗಳಲ್ಲಿ ಬಿಳಿ ಬೂಷ್ಟು ಹರಡುತ್ತದೆ. ಆ ಸದ್ದು ಕೇಳುವ ಹೊತ್ತಿಗೆ ನಾವು ತಡವಾಗಿದ್ದೇವೆ. ಎಷ್ಟು ದಿನ ತಡವಾಗಿದ್ದೇವೆ ಎಂಬುದನ್ನೇ ನಾನು ಮೂರು ಮಳೆಗಾಲ ಲೆಕ್ಕ ಹಾಕಿದೆ."

ಇದನ್ನು ನಿಧಾನವಾಗಿ, ನಿಲ್ಲಿಸುವಲ್ಲಿ ನಿಲ್ಲಿಸಿ ಓದಿದರೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಎರಡನೆಯ ವಾಕ್ಯ ಅವರ ಬಗ್ಗೆ ಇದೆ ಎಂಬುದನ್ನು ಗಮನಿಸು. ಬಂದವರು ಯಾರು ಎಂಬುದು ನಿನಗೆ ಗೊತ್ತಿದೆ ಎಂದು ತಿಳಿದಾಗಲೇ ಸಭೆ ಹತ್ತಿರ ಸರಿಯುವುದು. ಅಂದು ಬೆಳೆಗಾರರು ಕಡಿಮೆಯಿದ್ದು ವಿದ್ಯಾರ್ಥಿಗಳೇ ತುಂಬಿದ್ದರೆ ಆ ವಾಕ್ಯವನ್ನು ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಸುಳ್ಳಾಗುತ್ತದೆ. ಬೋರ್ಡೋ ದ್ರಾವಣದ ಶೇಕಡಾ 1ರ ಲೆಕ್ಕ, ಮಳೆಗೆ ಮೊದಲಿನ ಸಿಂಪಡಣೆ, ಇವೆಲ್ಲ ಆಮೇಲೆ ಬರಲಿ. "ಟಪ್" ಎಂದ ಮೇಲೆ ಸ್ವಲ್ಪ ತಡೆ. ಅಡಿಕೆ ತೋಟ ಇರುವವರಿಗೆ ಆ ಸದ್ದು ಎದೆಯಲ್ಲಿ ಕೇಳುತ್ತದೆ. ಅಲ್ಲಿ ಬರುವ ನಿಶ್ಶಬ್ದ ನೀನು ಹೆದರುವ ನಿಶ್ಶಬ್ದವಲ್ಲ. ಎರಡನ್ನೂ ಗುರುತಿಸುವ ಬಗೆ ಇದೆ: ಗಮನವಿಲ್ಲದ ಸಭೆಯಲ್ಲಿ ಕುರ್ಚಿ ಕಿರುಗುಟ್ಟುತ್ತದೆ, ಕಾಗದ ಸರಸರ ಎನ್ನುತ್ತದೆ, ಯಾರೋ ಕೆಮ್ಮುತ್ತಾರೆ, ಕೇಳುತ್ತಿರುವ ಸಭೆಯಲ್ಲಿ ಅವೆಲ್ಲ ನಿಂತುಹೋಗುತ್ತವೆ.

ಮೈಕಿನ ವಿಷಯ ಹೇಳಬೇಕೆಂದಿದ್ದೆ, ನಿನಗೆ ಗೊತ್ತಿರಬಹುದು. ನಿನಗಿಂತ ಮೊದಲು ಎತ್ತರದವರು ಮಾತನಾಡಿದ್ದರೆ ಪೋಡಿಯಮ್ಮಿನ ಮೈಕ್ ನಿನ್ನ ಹಣೆಯ ಹತ್ತಿರ ಇರುತ್ತದೆ. ಅದನ್ನು ಬಗ್ಗಿಸಿ ಗಲ್ಲದ ಮಟ್ಟಕ್ಕೆ, ಬಾಯಿಯಿಂದ ಒಂದು ಗೇಣು ದೂರಕ್ಕೆ ತಂದುಕೊಂಡ ನಂತರವೇ ಬಾಯಿ ತೆರೆ. ತಟ್ಟಬೇಡ, ಊದಬೇಡ, ಕೇಳಿಸುತ್ತಿದೆಯೇ ಎಂದು ಸಭೆಯನ್ನು ಕೇಳಲೂ ಬೇಡ, ಏಕೆಂದರೆ ಅದೂ ಮತ್ತೆ ಪ್ರಶ್ನೆಯೇ ಆಯಿತು. ಬೆಳಿಗ್ಗೆ ಸಭಾಂಗಣ ಖಾಲಿಯಿರುವಾಗ ಹೋಗಿ ಧ್ವನಿಯ ಹುಡುಗನ ಜೊತೆ ಒಮ್ಮೆ ನೋಡಿಕೊಂಡುಬಿಡು. ಹಾಗೆಯೇ ಕೊನೆಯ ಸಾಲಿಗೆ ನಡೆದು, ಎಡಕ್ಕೆ, ನಡುವಿಗೆ, ಬಲಕ್ಕೆ ಒಂದೊಂದು ಕುರ್ಚಿಯಲ್ಲಿ ಕುಳಿತು ವೇದಿಕೆಯನ್ನು ನೋಡು. ಮಧ್ಯಾಹ್ನ ದೀಪದ ಬೆಳಕಿಗೆ ನಿನಗೆ ಯಾರ ಮುಖವೂ ಕಾಣುವುದಿಲ್ಲ, ಆದರೆ ಆ ಮೂರು ಕುರ್ಚಿಗಳು ಎಲ್ಲಿವೆ ಎಂದು ಗೊತ್ತಿರುತ್ತದೆ. ನಮಸ್ಕಾರವನ್ನು ಅಲ್ಲಿಗೆ ಕಳಿಸು. ಹಿಂದಿನವರತ್ತ ನೋಡಿದರೆ ಮುಂದಿನವರೂ ತಮ್ಮನ್ನೇ ನೋಡಿದಂತೆ ಭಾವಿಸುತ್ತಾರೆ, ಮುಂದಿನ ಸಾಲನ್ನಷ್ಟೇ ನೋಡಿದರೆ ಹಿಂದಿನವರು ಕೈಬಿಟ್ಟುಹೋಗುತ್ತಾರೆ.

ಈ ಕೊನೆಯ ಸಾಲಿನ ಮಾತನ್ನು ಸುಮ್ಮನೆ ಬರೆಯಲಿಲ್ಲ. ಆ 1987ರ ಸಮ್ಮೇಳನಕ್ಕೆ ನನ್ನ ಜೊತೆ ನಮ್ಮ ತೋಟದ ಸಹಾಯಕರೊಬ್ಬರು ರೈಲಿನಲ್ಲಿ ಬಂದಿದ್ದರು. ಕೊಪ್ಪೆ ಹೊದ್ದು, ಇಂಬಳ ಕಚ್ಚಿಸಿಕೊಂಡು, ಪ್ರತಿ ಮರದ ಬುಡದಲ್ಲಿ ಉದುರಿದ ಕಾಯಿಗಳನ್ನು ಎಣಿಸಿ ಚೀಟಿಯಲ್ಲಿ ಗೀಟು ಹಾಕಿದವರು ಅವರೇ; ನನ್ನ ಕೋಷ್ಟಕದ ಅಂಕಿಗಳೆಲ್ಲ ಅವರ ಗೀಟುಗಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಹಿಂತಿರುಗುವಾಗ ರೈಲಿನಲ್ಲಿ, ಬಹಳ ಹೊತ್ತಿನ ಮೇಲೆ, "ಅಮ್ಮಾವ್ರೇ, ನೀವು ಮೊದಲು ನಮಸ್ಕಾರ ಹೇಳಿದಾಗ ನಾನು ಎದ್ದು ಕೈ ಮುಗಿದಿದ್ದೆ, ನೀವು ನೋಡಲಿಲ್ಲ" ಎಂದರು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಬಹುಶಃ ಏನೂ ಕೊಡಲಿಲ್ಲ. ಅವರು ಈಗಿಲ್ಲ. ಎಂಟು ನೂರು ಜನರಲ್ಲಿ ಯಾರೂ ಉತ್ತರಿಸದಿದ್ದರೆ ಎಂದು ನೀನು ಕೇಳಿದಾಗ ನನಗೆ ನೆನಪಾದದ್ದು ಆ ಕೈಗಳು.

ನಿನ್ನ ಮಾತು ಊಟದ ಮೊದಲೋ ಆಮೇಲೋ ತಿಳಿಸು. ಆಮೇಲೆ ಎಂದಾದರೆ, ಬಾಗಿಲ ಬಳಿ ಇನ್ನೂ ಜನ ಒಳಗೆ ಬರುತ್ತಿರುತ್ತಾರೆ. ಅವರು ಕುಳಿತುಕೊಳ್ಳುವವರೆಗೆ ನಾಲ್ಕೈದು ಸೆಕೆಂಡು ತಡೆಯಬೇಕಾಗುತ್ತದೆ. ಕೋಲ್ಮನ್ನರ ಭಾಗವನ್ನು ಎಲ್ಲಿಗೆ ಸೇರಿಸಿದೆ ಎಂಬುದನ್ನೂ ಬರೆ. ನಾನು ಬರುತ್ತೇನೆ, ಕೊನೆಯ ಸಾಲಿನ ಎಡಗಡೆಯ ಕುರ್ಚಿಯಲ್ಲಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ