ಅಣ್ಣನ ಮೆಸೇಜಿಗೆ ಏನಂತ ಬರೆಯೋದು?

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. "ನಿನ್ನ ಹತ್ರ ಒಂದು ವಿಷಯ ಮಾತಾಡೋದಿದೆ. ಫ್ರೀ ಆದಾಗ ಹೇಳು." ಅಣ್ಣ ಬರೆದಿರುವುದು ಇಷ್ಟೇ. ಅದರ ಕೆಳಗೆ ನೀನು ಟೈಪ್ ಮಾಡಿ ಇಟ್ಟಿರುವ ಉತ್ತರವನ್ನೂ ಓದಿದೆ: "ಏನಾಯ್ತು? ದುಡ್ಡಿನ ವಿಷಯಾನಾ? ಈ ತಿಂಗಳು ಆಗಲ್ಲ ಅಂತ ಮೊದಲೇ ಹೇಳಿದ್ದೆನಲ್ಲ."

ಅದನ್ನು ಕಳಿಸಬೇಡ ಕಣೋ. ಅವನು ದುಡ್ಡಿನ ಮಾತನ್ನೇ ಎತ್ತಿಲ್ಲ. ಅಪ್ಪನ ಕಣ್ಣಿನ ಆಪರೇಷನ್ ಬಗ್ಗೆ ಕೇಳಬೇಕು ಅಂತಿದ್ದರೂ, ಈ ಉತ್ತರ ನೋಡಿದ ಮೇಲೆ ಅವನ ತಲೆಯಲ್ಲಿ ದುಡ್ಡೇ ಕೂರುತ್ತದೆ. ಹೊರಿಸದ ತಪ್ಪಿಗೆ ನೀನೇ ಸಮಜಾಯಿಷಿ ಕೊಟ್ಟ ಹಾಗಾಗುತ್ತದೆ. ಹಾಗಂತ ಬರೀ "ಸರಿ" ಅಂತ ಹಾಕಿ ಸುಮ್ಮನಾಗಲೂ ಬೇಡ. ನಿನಗೆ ಬೇಜಾರಾಗಿದೆ ಅಂತ ಅವನು ಅಂದುಕೊಳ್ಳುತ್ತಾನೆ.

ಇನ್ನೊಂದು ಸಲ ನಿಧಾನವಾಗಿ ಓದು. "ಫ್ರೀ ಆದಾಗ" ಅಂದಿದ್ದಾನೆ. ನಿಜವಾಗಿ ಅವಸರ ಇದ್ದಿದ್ದರೆ ಫೋನೇ ಮಾಡುತ್ತಿದ್ದ, ಅಲ್ವಾ? ಊರಲ್ಲಿ ಇರುವವರಿಗೆ ಮನೆ ವಿಷಯವನ್ನು ಉದ್ದಕ್ಕೆ ಟೈಪ್ ಮಾಡುವುದು ಕಷ್ಟ. ಎದುರಿಗೋ ಫೋನಿನಲ್ಲೋ ಹೇಳೋಣ ಅಂತ ಬಿಟ್ಟಿರುತ್ತಾರೆ. ಹಳೇ ಚಾಟ್ ತೆಗೆದು ಎಲ್ಲಿ ಏನು ತಪ್ಪು ಮಾತಾಡಿದೆ ಅಂತ ಹುಡುಕುತ್ತಾ ಕೂರಬೇಡ. ಅಲ್ಲಿ ನಿನ್ನ ಭಯಕ್ಕೆ ಬೇಕಾದದ್ದು ಸಿಕ್ಕೇ ಸಿಗುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಆಯ್ತು ಅಣ್ಣ, ಮಾತಾಡೋಣ. ಈಗ ಆಫೀಸಲ್ಲಿದ್ದೀನಿ, ರಾತ್ರಿ ಎಂಟೂವರೆಗೆ ನಾನೇ ಫೋನ್ ಮಾಡ್ತೀನಿ. ಅರ್ಜೆಂಟ್ ಇದ್ರೆ ಹೇಳು, ಈಗಲೇ ಹೊರಗೆ ಬಂದು ಮಾಡ್ತೀನಿ. ಯಾವ ವಿಷಯ ಅಂತ ಗೊತ್ತಾದ್ರೆ ನಾನೂ ಸ್ವಲ್ಪ ಯೋಚಿಸಿಕೊಂಡಿರ್ತೀನಿ."

ಮೊದಲಿಗೇ ಒಪ್ಪಿಗೆ ಇರಲಿ. ಹೇಳಲೋ ಬೇಡವೋ ಅಂತ ಅವನಿಗೂ ಅಳುಕು ಇರಬಹುದು. "ಆಮೇಲೆ ಮಾಡ್ತೀನಿ" ಅಂದರೆ ಇಬ್ಬರೂ ಇಡೀ ದಿನ ಕಾಯಬೇಕಾಗುತ್ತದೆ, ಅದಕ್ಕೇ ಗಂಟೆ ಹೇಳು. ವಿಷಯವನ್ನು ಕೊನೆಗೆ ಕೇಳು, ಅದೂ ಒತ್ತಾಯ ಮಾಡದೆ. "ಮೊದಲು ಏನಂತ ಹೇಳು" ಅಂದರೆ ವಿಚಾರಣೆ ಥರ ಕೇಳಿಸುತ್ತದೆ. "ಫೋನಲ್ಲೇ ಹೇಳ್ತೀನಿ ಬಿಡು" ಅಂತ ಅವನು ಅಂದರೆ ಮತ್ತೆ ಕೆದಕಬೇಡ. ನೀಲಿ ಟಿಕ್ ಬಿದ್ದೂ ಉತ್ತರ ಬರದಿದ್ದರೆ ಇನ್ನೊಂದು ಮೆಸೇಜ್ ಹಾಕಬೇಡ. ಹೊತ್ತು ಗೊತ್ತಾಗಿದೆಯಲ್ಲ, ಅಷ್ಟು ಸಾಕು.

ಮಾತಿನ ಮಧ್ಯೆ ನಿನಗೆ ಒಪ್ಪಿಗೆಯಾಗದ್ದು ಬಂದರೆ, "ಇದಕ್ಕೆ ನಾಳೆ ಹೇಳ್ತೀನಿ ಅಣ್ಣ" ಅನ್ನು. ಜಮೀನಿನ ವಿಷಯವೇ ಆಗಿದ್ದರೂ ಅಲ್ಲೇ ಹೂಂ ಅನ್ನಬೇಕು ಅಂತೇನಿಲ್ಲ.

ಎಂಟೂವರೆ ಅಂದ ಮೇಲೆ ಎಂಟೂವರೆಗೇ ಮಾಡು. ಮುಗಿದ ಮೇಲೆ ನನಗೂ ಫೋನ್ ಮಾಡು, ಎಷ್ಟೊತ್ತಾದರೂ ಎದ್ದಿರುತ್ತೇನೆ.

ನಿನ್ನ ಗೆಳೆಯ