ಶನಿವಾರ ಮಧ್ಯಾಹ್ನದಿಂದ ಕಾಲೇಜಿನ ನೆಟ್‌ವರ್ಕ್ ಬದಲಾವಣೆ: ಒಪ್ಪಿಗೆ ಕೋರಿ ಪತ್ರ

ಪ್ರಾಂಶುಪಾಲರಿಗೆ ಮತ್ತು ಆಫೀಸಿನವರಿಗೆ ನಮಸ್ಕಾರ,

ಬೆಳಿಗ್ಗೆ ಹತ್ತರ ಮೇಲೆ ಆಫೀಸಿನ ಕಂಪ್ಯೂಟರಿಗೆ ಇಂಟರ್ನೆಟ್ ಬರುವುದಿಲ್ಲ ಎಂದು ನೀವು ಫೋನ್ ಮಾಡುತ್ತಲೇ ಇದ್ದೀರಿ. ಹೋದ ವಾರ ನಾವೇ ಬಂದು ಕೂತು ನೋಡಿದೆವು. ಆ ಕಂಪ್ಯೂಟರ್ 169.254 ಎಂದು ಶುರುವಾಗುವ ವಿಳಾಸ ತೋರಿಸುತ್ತಿತ್ತು. ಕೇಳಿದರೂ ಯಾರೂ ವಿಳಾಸ ಕೊಡದಿದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ವಿಳಾಸ ಅದು.

ಈಗ ಆಫೀಸು, ಲ್ಯಾಬು, ಹಾಸ್ಟೆಲ್ ವೈಫೈ, ಕ್ಯಾಮೆರಾ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿವೆ. ಅದರಲ್ಲಿ ಇರುವುದೇ 254 ವಿಳಾಸ. ಒಮ್ಮೆ ಪಡೆದ ವಿಳಾಸ 24 ಗಂಟೆ ಆ ಫೋನಿನ ಹೆಸರಲ್ಲೇ ಇರುತ್ತದೆ, ಹುಡುಗ ಮಧ್ಯಾಹ್ನವೇ ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋಗಿದ್ದರೂ ಸರಿ. ತಡವಾಗಿ ಆನ್ ಆದ ಆಫೀಸಿನ ಕಂಪ್ಯೂಟರಿಗೆ ಏನೂ ಉಳಿಯುವುದಿಲ್ಲ.

ಅದಕ್ಕೇ ಶನಿವಾರ ಮಧ್ಯಾಹ್ನ 2ರಿಂದ ಭಾನುವಾರ ಸಂಜೆಯೊಳಗೆ ಇದನ್ನು ಬೇರೆ ಬೇರೆ ವಿಎಲ್ಯಾನ್, ಅಂದರೆ ಅದೇ ಸ್ವಿಚ್ಚಿನೊಳಗೆ ಬೇರೆ ಬೇರೆ ನೆಟ್‌ವರ್ಕ್, ಮಾಡುತ್ತೇವೆ. ಸ್ವಿಚ್ಚು, ಕೇಬಲ್ಲು ಅವೇ. ಒಳಗೆ ಗೋಡೆ ಏಳುತ್ತದೆ, ಅಷ್ಟೇ. ವೈಫೈಗೆ 1022 ವಿಳಾಸದ ಹೊಸ ಜಾಗ, ಹಿಡಿದಿಡುವ ಅವಧಿ ಎರಡೇ ಗಂಟೆ. ಆಫೀಸು ಮಾತ್ರ ಹಳೆಯ ವಿಳಾಸಗಳಲ್ಲೇ ಇರಲಿ ಎಂದು ಬೇಕೆಂದೇ ಬಿಟ್ಟಿದ್ದೇವೆ. ಇಲ್ಲದಿದ್ದರೆ ಸೋಮವಾರ ಒಂದೊಂದು ಪ್ರಿಂಟರಿನ ಮುಂದೆಯೂ ನಿಂತು ಸರಿಮಾಡಬೇಕಾಗುತ್ತದೆ, ಅಲ್ವಾ?

ನಮಗೆ ಭಯವಿರುವುದು ಹಾಸ್ಟೆಲ್ ಸ್ವಿಚ್ಚಿನ ಬಗ್ಗೆ. ಮುಖ್ಯ ಕಟ್ಟಡದಿಂದ ಅಲ್ಲಿಗೆ ಹೋಗುವುದು ಒಂದೇ ಫೈಬರ್. ಎಲ್ಲ ವಿಎಲ್ಯಾನ್‌ಗಳೂ, ನಾವು ಸ್ವಿಚ್ಚಿಗೆ ಲಾಗಿನ್ ಆಗುವ ದಾರಿಯೂ ಅದರ ಮೇಲೆಯೇ. ಶನಿವಾರ ವೈಫೈ ಮುಗಿಸಿ, ಭಾನುವಾರ ಕ್ಯಾಮೆರಾದ 40ನೇ ನಂಬರಿನ ವಿಎಲ್ಯಾನನ್ನು ಆ ಫೈಬರಿನ ಮೇಲೆ ಬಿಡುವ ವಿಎಲ್ಯಾನ್‌ಗಳ ಸಾಲಿಗೆ ಸೇರಿಸುವಾಗ ಹೀಗೆ ಬರೆಯಬೇಕು:

```
switchport trunk allowed vlan add 40
```

`add` ಮರೆತರೆ 40 ಸೇರುವುದಿಲ್ಲ, 40 ಮಾತ್ರ ಉಳಿದು ಮಿಕ್ಕಿದ್ದೆಲ್ಲ ಹೋಗುತ್ತದೆ. ಹಾಸ್ಟೆಲ್ ಕಡೆ ಹಾಗಾದರೆ ನಮ್ಮ ಲಾಗಿನ್ನೂ ಅಲ್ಲೇ ಕಡಿಯುತ್ತದೆ. ಬೇರೊಂದು ಕಡೆ ನಾನೇ ಹೀಗೆ ಮಾಡಿ, ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಮಳೆಯಲ್ಲಿ ಗುಡ್ಡ ಹತ್ತಿದ್ದೇನೆ.

ಅದಕ್ಕೆ ಈಗ ಮೊದಲು ಹಾಸ್ಟೆಲ್ ಕಡೆ, ಆಮೇಲೆ ಇತ್ತ ಕಡೆ ಕೈ ಹಾಕುತ್ತೇವೆ. ಶುರುಮಾಡುವ ಮುಂಚೆ ಎರಡೂ ಸ್ವಿಚ್ಚಿಗೆ `reload in 15` ಎಂದು ಹೇಳಿಡುತ್ತೇವೆ. ನಾವು ಹೊರಗೆ ಬಿದ್ದರೂ 15 ನಿಮಿಷಕ್ಕೆ ಸ್ವಿಚ್ಚು ತಾನೇ ರೀಸ್ಟಾರ್ಟ್ ಆಗಿ ಹಳೆಯ ಸೆಟ್ಟಿಂಗಿಗೆ ಬರುತ್ತದೆ. ಎಲ್ಲ ಸರಿ ಇದ್ದರೆ `reload cancel`, ಆಮೇಲಷ್ಟೇ ಸೇವ್. ನಡುವೆ ಕರೆಂಟು ಹೋದರೂ ಸೇವ್ ಆಗದ್ದು ಅಳಿದು ಹಳೆಯದೇ ಬರುತ್ತದೆ.

ಭಾನುವಾರ ಕ್ಯಾಮೆರಾ ರೆಕಾರ್ಡಿಂಗ್ ಸುಮಾರು ಒಂದು ಗಂಟೆ ನಿಲ್ಲುತ್ತದೆ, ವಾಚ್‌ಮನ್‌ಗೆ ತಿಳಿಸಿಡಿ. ಹಾಸ್ಟೆಲ್ ಸ್ವಿಚ್ ಪೆಟ್ಟಿಗೆಯ ಕೀ ಎರಡೂ ದಿನ ವಾರ್ಡನ್ ಹತ್ತಿರವೇ ಇರಲಿ. ಗುರುವಾರದೊಳಗೆ ಒಪ್ಪಿಗೆ ಕೊಟ್ಟರೆ ಶುಕ್ರವಾರ ರಾತ್ರಿಯೇ ವಿಳಾಸದ ಅವಧಿ ಇಳಿಸಿಡುತ್ತೇವೆ. ಸೋಮವಾರ ಬೆಳಿಗ್ಗೆ 9ಕ್ಕೆ ನಮ್ಮ ಹುಡುಗನೊಬ್ಬ ನಿಮ್ಮ ಆಫೀಸಿನಲ್ಲಿ ಇರುತ್ತಾನೆ.

ಇಂತಿ,
ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರು, ಶಿರಸಿ